ಬರೆಯದೇ ಇರುವ ‘ಅ’: ಆರನೇ ತರಗತಿಯ ಒಂದು ಹಿಂದಿ ಪಾಠದ ಪ್ರಕರಣ ಅಧ್ಯಯನ

ಗದಗ ತಾಲ್ಲೂಕಿನ ಒಂದು ಸರಕಾರಿ ಹಿರಿಯ ಪ್ರಾಥಮಿಕ ಶಾಲೆ. ಕನ್ನಡ ಮಾಧ್ಯಮ. ಆರನೇ ತರಗತಿಯಲ್ಲಿ ಮೂವತ್ತರ ಆಸುಪಾಸು ಮಕ್ಕಳು. ಹೆಚ್ಚಿನವರ ಮನೆಮಾತು ಕನ್ನಡ, ನಾಲ್ಕೈದು ಮಕ್ಕಳ ಮನೆಯಲ್ಲಿ ಉರ್ದು. ನಮ್ಮ ರಾಜ್ಯ ಪಠ್ಯಕ್ರಮದ ಕನ್ನಡ ಶಾಲೆಗಳಲ್ಲಿ ಹಿಂದಿ ತೃತೀಯ ಭಾಷೆಯಾಗಿ ಶುರುವಾಗುವುದು ಆರನೇ ತರಗತಿಯಲ್ಲೇ. ಹಾಗಾಗಿ ಜೂನ್ ತಿಂಗಳಲ್ಲಿ ಮಕ್ಕಳ ಮುಂದೆ ಇರುವುದು ಪೂರ್ತಿ ಹೊಸ ಲಿಪಿ. ಆ ತರಗತಿಗೆ ಹಿಂದಿ ಹೇಳುವವನು ನಾನು.

ಹೊಸ ಲಿಪಿ ಎಂದರೂ ಮೊದಲ ತಿಂಗಳುಗಳು ಸಲೀಸಾಗಿ ಹೋಗುತ್ತವೆ. ಎರಡೂ ಲಿಪಿಗಳ ಮೂಲ ಬ್ರಾಹ್ಮಿ. ವರ್ಣಮಾಲೆಯ ಸಾಲು ಒಂದೇ: ಕ ಖ ಗ ಘ ಙ ಎಂದು ಬಾಯಿಪಾಠ ಮಾಡಿದ ಮಗುವಿಗೆ क ख ग घ ङ ಹೊಸ ಆಕಾರ ಅಷ್ಟೇ, ಹೊಸ ಪಾಠವಲ್ಲ. भ ಮತ್ತು म, घ ಮತ್ತು ध ಅದಲುಬದಲಾಗುತ್ತವೆ, ख ಅನ್ನು ಬಿಡಿಸಿ ಬರೆದು ರ, ವ ಮಾಡುವವರೂ ಇದ್ದಾರೆ. ಅವೆಲ್ಲ ಕಾಪಿ ಬರೆಸಿದರೆ ಸರಿಹೋಗುವ ಕೈಯ ತಪ್ಪುಗಳು. ದಸರಾ ರಜೆಯ ಹೊತ್ತಿಗೆ ಕಾಗುಣಿತ ಮುಗಿದಿತ್ತು. ಅಕ್ಷರ ತೋರಿಸಿದರೆ ತರಗತಿಯ ಬಹುಪಾಲು ಮಕ್ಕಳು ತಡವರಿಸದೆ ಹೇಳುತ್ತಿದ್ದರು.

ಆಮೇಲೆ ಪದಗಳನ್ನು ಓದಿಸಿದಾಗ ತೊಡಕು ಕಾಣಿಸಿತು. कमल ಎಂದು ಹಲಗೆಯ ಮೇಲೆ ಬರೆದರೆ ಇಡೀ ತರಗತಿ ಒಕ್ಕೊರಲಿನಿಂದ ‘ಕಮಲ’ ಎಂದು ಓದುತ್ತದೆ. ಅಕ್ಷರ ಮೂರೂ ಸರಿ. ಆದರೆ ಹಿಂದಿಯವರ ಬಾಯಲ್ಲಿ ಅದು ‘ಕಮಲ್’. लड़का ಕೊಟ್ಟರೆ ‘ಲ-ಡ-ಕಾ’ ಎಂದು ಮೂರು ಹೆಜ್ಜೆ ಇಡುತ್ತಾರೆ. ಅದು ‘ಲಡ್‌ಕಾ’ ಆಗಬೇಕು. ತಿದ್ದಿದರೆ ಆ ಪದವೊಂದು ಸರಿಹೋಗುತ್ತದೆ, ಮುಂದಿನ ಸಾಲಿನಲ್ಲಿ ಅದೇ ಕಥೆ. ಪ್ರತಿ ಪದಕ್ಕೂ ನಾನು ಹೇಳುವುದು, ಅವರು ಒಪ್ಪಿಸುವುದು. ಹೀಗೆ ನಡೆದರೆ ಪುಸ್ತಕದಲ್ಲಿರುವ ಹೊಸ ಪದವನ್ನು ಮಗು ತಾನಾಗಿ ಓದುವ ದಿನ ಬರುವುದೇ ಇಲ್ಲ. ಈ ಅಧ್ಯಯನ ಈ ಒಂದು ತೊಡಕನ್ನು ಕುರಿತದ್ದು.

ಉಕ್ತಲೇಖನ ಹೇಳಿದ್ದು

ಓದಿಸಿದಾಗ ಇಡೀ ತರಗತಿಯ ದನಿಯಲ್ಲಿ ಒಂದೊಂದು ಮಗುವಿನ ದನಿ ಮುಚ್ಚಿಹೋಗುತ್ತದೆ. ಯಾರು ಏನು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಗೊತ್ತಾಗಬೇಕಾದರೆ ಬರೆಸಬೇಕು. ಆದ್ದರಿಂದ ಹತ್ತು ಪದಗಳ ಉಕ್ತಲೇಖನ ಕೊಟ್ಟೆ. घर, कमल, नमक, सड़क, लड़का, भारत, चटनी, बचपन, पत्ता, बस्ता. ಹಿಂದಿಯಲ್ಲಿ ಹೇಗೆ ಆಡುತ್ತಾರೋ ಹಾಗೇ ಹೇಳಿದೆ, ಅಕ್ಷರ ಬಿಡಿಸಿ ಹೇಳಲಿಲ್ಲ.

ಹಾಳೆಗಳನ್ನು ಸರಿ, ತಪ್ಪು ಎಂದು ಎರಡಾಗಿ ವಿಂಗಡಿಸದೆ, ತಪ್ಪಿನ ಜಾತಿಯ ಮೇಲೆ ವಿಂಗಡಿಸಿದೆ. ‘ನಮಕ್’ ಎಂಬ ಒಂದು ಪದವನ್ನೇ ತೆಗೆದುಕೊಳ್ಳಿ. ಕೆಲವರು नमक ಎಂದು ಸರಿಯಾಗಿ ಬರೆದಿದ್ದರು. ಕೆಲವರು नमक् ಎಂದು ಕೊನೆಯಲ್ಲಿ, ಸ್ವರ ಇಲ್ಲವೆಂದು ತೋರಿಸುವ ಹಲಂತ ಹಾಕಿದ್ದರು. ಇನ್ನು ಕೆಲವರದು नमकु. ‘ಲಡ್‌ಕಾ’ ಪದಕ್ಕೂ ಹೀಗೇ: ಸರಿಯಾದ लड़का ಕಡಿಮೆ, लड्का ಹೆಚ್ಚು.

ಇವುಗಳಲ್ಲಿ ಹಲಂತ ಹಾಕಿದ ಮಕ್ಕಳ ಹಾಳೆ ನನ್ನ ಮಟ್ಟಿಗೆ ಬಹಳ ಬೆಲೆಯುಳ್ಳದ್ದು. ಅವರ ಕಿವಿ ಚುರುಕಾಗಿದೆ. ಕೊನೆಯಲ್ಲಿ ಸ್ವರ ಇಲ್ಲ ಎಂಬುದನ್ನು ಕೇಳಿಸಿಕೊಂಡಿದ್ದಾರೆ, ಕೇಳಿದ್ದನ್ನು ಕನ್ನಡದ ನ್ಯಾಯದ ಪ್ರಕಾರ ಬರೆದಿದ್ದಾರೆ. ಹಾಗೆ ಬರೆದ ಹುಡುಗಿಯನ್ನು ಕರೆದು “ಇದ್ಯಾಕವಾ ಹಿಂಗ ಬರದಿ?” ಎಂದು ಕೇಳಿದೆ. “ಕೊನಿಗೆ ಅ ಕೇಳಸಲಿಲ್ರಿ ಸರ್ರ, ಅದಕ್ಕ ಅರ್ಧಾ ಮಾಡೀನ್ರಿ” ಅಂದಳು. ಇದಕ್ಕಿಂತ ಸ್ಪಷ್ಟವಾದ ವಿವರಣೆ ವ್ಯಾಕರಣ ಪುಸ್ತಕದಲ್ಲೂ ಸಿಗಲಿಕ್ಕಿಲ್ಲ.

नमकु ಬರೆದವರ ಸಂಗತಿ ಬೇರೆ. ಕನ್ನಡದ ಮಾತು ವ್ಯಂಜನದ ಮೇಲೆ ನಿಲ್ಲಲು ಒಪ್ಪುವುದಿಲ್ಲ. ಬಸ್ ‘ಬಸ್ಸು’ ಆಗುತ್ತದೆ, ಕಾರ್ ‘ಕಾರು’ ಆಗುತ್ತದೆ, ಕೊನೆಗೊಂದು ಉಕಾರ ಅಂಟಿಕೊಳ್ಳಲೇಬೇಕು. ಆ ಮಕ್ಕಳ ಕಿವಿಯೇ ಉಕಾರವನ್ನು ಸೇರಿಸಿ ಕೇಳಿಸಿಕೊಂಡಿದೆ. ಇವರಿಗೆ ಮೊದಲು ಬೇಕಾದ್ದು ಕೇಳುವ ಅಭ್ಯಾಸ, ಹಲಂತದವರಿಗೆ ಬೇಕಾದ್ದು ಲಿಪಿಯ ನಿಯಮ. ಇಬ್ಬರಿಗೂ ಕೆಂಪು ಶಾಯಿಯ ಒಂದೇ ಗೀಟು ಎಳೆದು ಬಿಟ್ಟರೆ ಇಬ್ಬರಿಗೂ ಏನೂ ತಿಳಿಯುವುದಿಲ್ಲ.

ಸರಿಯಾಗಿ ಬರೆದವರಲ್ಲೂ ಎರಡು ಬಗೆ. ಮನೆಯಲ್ಲಿ ಉರ್ದು ಆಡುವ ಮಕ್ಕಳಿಗೆ ಘರ್, ನಮಕ್, ಸಡಕ್ ಎಲ್ಲ ದಿನದ ಮಾತು. ಅವರ ಓದಿನಲ್ಲಿ ತೊಡಕಿಲ್ಲ. ಉಳಿದ ಕೆಲವರು ಪುಸ್ತಕದಲ್ಲಿ ಆ ಪದದ ರೂಪ ನೋಡಿ ನೆನಪಿಟ್ಟುಕೊಂಡವರು. ಅವರ ಬರಹ ಸರಿ, ಓದು ಮಾತ್ರ ‘ನಮಕ’ವೇ. ಬರಿ ಉಕ್ತಲೇಖನದ ಅಂಕ ನೋಡಿದ್ದರೆ ಈ ಎರಡನೇ ಗುಂಪಿಗೆ ಎಲ್ಲ ಬರುತ್ತದೆ ಎಂದೇ ಅನ್ನಿಸುತ್ತಿತ್ತು. ಅದಕ್ಕೇ ಬರೆದ ಹಾಳೆಯನ್ನು ಅವರ ಕೈಗೇ ಕೊಟ್ಟು ಓದಿಸಿದ್ದು.

ಹಾಳೆಗಳಲ್ಲಿ ಕಂಡ ಇನ್ನೊಂದು ದೊಡ್ಡ ತಪ್ಪು ಮಹಾಪ್ರಾಣದ್ದು. घर ಅನ್ನು गर, भारत ಅನ್ನು बारत ಮಾಡಿದವರು ಬಹಳ. ನಮ್ಮ ಆಡುಮಾತಿನಲ್ಲಿ ಮಹಾಪ್ರಾಣ ಸಡಿಲ, ಹಿಂದಿಯಲ್ಲಿ ಅದು ತಪ್ಪಿದರೆ भालू ಹೋಗಿ बालू ಆಗುತ್ತದೆ, ಕರಡಿ ಮರಳಾಗುತ್ತದೆ. ಅದಕ್ಕೆ ಬೇರೆಯೇ ಪಾಠ ಬೇಕು. ಇಲ್ಲಿ ಎಳೆದು ತಂದರೆ ಎರಡೂ ಕೆಡುತ್ತವೆ ಎಂದು ಅದನ್ನು ಬದಿಗಿಟ್ಟೆ.

ತಲಕಟ್ಟು ಮತ್ತು ಮೇಲಿನ ಗೆರೆ

ಮಕ್ಕಳು ಯಾಕೆ ಹೀಗೆ ಓದುತ್ತಾರೆ ಎಂಬುದರ ಬೇರು ನಮ್ಮ ಕಾಗುಣಿತದಲ್ಲೇ ಇದೆ. ಒಂದನೇ ತರಗತಿಯಲ್ಲಿ ಮಗು ಹಾಡಿಕೊಂಡು ಕಲಿಯುವುದು ಹೇಗೆ? ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಅಂದರೆ ಕನ್ನಡದಲ್ಲಿ ‘ಅ’ ಎಂಬ ಸ್ವರಕ್ಕೂ ಒಂದು ಗುರುತಿದೆ, ಅದೇ ತಲೆಯ ಮೇಲಿನ ತಲಕಟ್ಟು. ‘ಕಿ’ ಬರೆದಾಗ ತಲಕಟ್ಟು ಹೋಗಿ ಗುಡಿಸು ಬರುತ್ತದೆ. ‘ಕ್’ ಬರೆದಾಗಲೂ ತಲಕಟ್ಟು ಹೋಗುತ್ತದೆ. ಖ, ಜ, ಟ, ಣ, ಬ, ಲ ಮುಂತಾದ ಕೆಲವು ಅಕ್ಷರಗಳಿಗೆ ತಲಕಟ್ಟು ಇಲ್ಲವಾದರೂ ಮಗುವಿಗೆ ಅರ್ಥವಾಗಿರುವ ಕರಾರು ಒಂದೇ: ಬರೆದ ಅಕ್ಷರಕ್ಕೆ ಸ್ವರ ಇದೆ, ಇಲ್ಲದಿದ್ದರೆ ಇಲ್ಲವೆಂದು ಬರೆದೇ ಇರುತ್ತದೆ.

ದೇವನಾಗರಿಯ ತಲೆಯ ಮೇಲೂ ಒಂದು ಗೆರೆ ಇದೆ. ಅದನ್ನು ಕಂಡ ಮಗು ಸಹಜವಾಗಿ ಅದನ್ನು ತಲಕಟ್ಟಿನ ಅಣ್ಣ ಎಂದುಕೊಳ್ಳುತ್ತದೆ. ಆದರೆ ಆ ಶಿರೋರೇಖೆಗೂ ಸ್ವರಕ್ಕೂ ಸಂಬಂಧವಿಲ್ಲ. क ಮೇಲೂ ಅದೇ ಗೆರೆ, कि ಮೇಲೂ ಅದೇ, क् ಮೇಲೂ ಅದೇ. ದೇವನಾಗರಿಯಲ್ಲಿ ‘ಅ’ಕ್ಕೆ ಗುರುತೇ ಇಲ್ಲ. ಮಾತ್ರೆ ಎಂಬ ಸ್ವರಚಿಹ್ನೆ ಯಾವುದೂ ಇಲ್ಲದಿದ್ದರೆ ‘ಅ’ ಇದೆ ಎಂದು ಊಹಿಸಿಕೊಳ್ಳಬೇಕು. ಸಂಸ್ಕೃತ ಓದುವಾಗ ಆ ಊಹೆ ಯಾವಾಗಲೂ ನಿಜ. ಹಿಂದಿಯ ಉಚ್ಚಾರಣೆ ಮಾತ್ರ ಕಾಲಕ್ರಮದಲ್ಲಿ ಅನೇಕ ಕಡೆ ಆ ‘ಅ’ವನ್ನು ಬಿಟ್ಟುಕೊಟ್ಟಿತು, ಬರಹ ಮೊದಲಿನಂತೆಯೇ ಉಳಿಯಿತು. ಎಲ್ಲಿ ‘ಅ’ ಇದೆ, ಎಲ್ಲಿ ಇಲ್ಲ ಎಂಬುದನ್ನು ಹಿಂದಿ ಮನೆಮಾತಿನ ಮಗು ಕಿವಿಯಿಂದ ತಿಳಿಯುತ್ತದೆ. ನಮ್ಮ ಮಗುವಿಗೆ ಆ ಕಿವಿ ಇಲ್ಲ, ಲಿಪಿಯೂ ಹೇಳುವುದಿಲ್ಲ.

ಆದ್ದರಿಂದ ‘ಕಮಲ’ ಎಂದು ಓದಿದ ಮಗು ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದೆ. ಗಮನಿಸಿದರೆ ಗೊತ್ತಿರುವ ಪದಗಳಲ್ಲೇ ಹೆಚ್ಚು ಮುಗ್ಗರಿಸುತ್ತಾರೆ. ಕಮಲ, ಭಾರತ, ನಗರ, ಫಲ ಇವು ಕನ್ನಡದಲ್ಲೂ ಇರುವುದರಿಂದ ನಾಲಿಗೆ ಹಳೆಯ ದಾರಿ ಬಿಡುವುದಿಲ್ಲ. सड़क ಹೊಸದು, ಅದನ್ನು ‘ಸಡಕ್’ ಎಂದು ಒಮ್ಮೆ ಕೇಳಿದರೆ ಹಿಡಿದುಕೊಳ್ಳುತ್ತಾರೆ. ಪಠ್ಯದಲ್ಲಿ ಸುಲಭವೆಂದು ಮೊದಲಿಗೆ ಕೊಡುವ ‘ಸಮಾನ ಪದಗಳು’ ಅರ್ಥಕ್ಕೆ ಸುಲಭ, ಉಚ್ಚಾರಕ್ಕೆ ಕಷ್ಟ.

ಪಾಠ ನಡೆದ ಬಗೆ

ನಲವತ್ತು ನಿಮಿಷದ ಒಂದು ಅವಧಿ. ಹಲಗೆಯ ಮೇಲೆ ಗದಗ ರೈಲು ನಿಲ್ದಾಣದ ನಾಮಫಲಕ ಬರೆದೆ: ಮೇಲೆ ಗದಗ, ಕೆಳಗೆ गदग, ಅದರ ಕೆಳಗೆ ಇಂಗ್ಲಿಷಿನಲ್ಲಿ. ಕನ್ನಡದ್ದನ್ನು ಓದಿದರು. ಹಿಂದಿಯದನ್ನೂ ‘ಗದಗ’ ಎಂದೇ ಓದಿದರು. ಹಿಂದಿಯವರು ಇದನ್ನು ‘ಗದಗ್’ ಎಂದು ಓದುತ್ತಾರೆ ಎಂದೆ. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತ: “ಸರ್ರ, ಬೋರ್ಡಿನ್ಯಾಗ ಗ ಅಂತ ಪೂರ್ತಿ ಬರದೈತಿ. ನೀವು ಗ್ ಅಂತೀರಿ. ಅದು ಹೆಂಗ್ರಿ?” ಊರ ಹೆಸರನ್ನು ಅರ್ಧ ನುಂಗಿದ್ದು ಅವನಿಗೆ ಹಿಡಿಸಿರಲಿಲ್ಲ. ಇಂಗ್ಲಿಷ್ ಸಾಲನ್ನು ನೋಡು ಎಂದೆ. ಜಿ ಅಕ್ಷರಕ್ಕೆ ಮುಗಿದಿದೆ, ಅದರ ಮುಂದೆ ಎ ಇಲ್ಲ. ಸ್ವಲ್ಪ ಹೊತ್ತು ಗುಜುಗುಜು ಆಯಿತು. ರೈಲಿನಲ್ಲಿ ಬಂದ ಹಿಂದಿಯವನು ನಮ್ಮೂರ ಹೆಸರು ಕೆಡಿಸುತ್ತಿಲ್ಲ, ತನ್ನ ಲಿಪಿಯನ್ನು ತನ್ನ ನಿಯಮದಂತೆ ಓದುತ್ತಿದ್ದಾನೆ ಎಂಬುದು ಅವರಿಗೆ ಒಪ್ಪಿಗೆಯಾಯಿತು, ಪೂರ್ತಿ ಸಮಾಧಾನ ಆಗಲಿಲ್ಲ.

ಆಮೇಲೆ ಹಿಂದಿ ಬಿಟ್ಟು ಕನ್ನಡಕ್ಕೆ ಬಂದೆವು. ‘ಹುಡುಗಿ’ ಎಂದು ಬರೆದು, ಮನೆಯಲ್ಲಿ ಹೇಗೆ ಅಂತೀರಿ ಎಂದು ಕೇಳಿದೆ. ‘ಹುಡ್ಗಿ’. ಕೆಲಸ? ‘ಕೆಲ್ಸ’. ಹೆಸರು? ‘ಹೆಸ್ರು’. ಬರೆಯುವಾಗ ಮೂರು ಅಕ್ಷರ, ಆಡುವಾಗ ನಡುವಿನ ಸ್ವರ ಮಾಯ. ಹುಡುಗಿ ಹುಡ್ಗಿಯಾಗುವ ಹಾಗೇ लड़की ‘ಲಡ್‌ಕಿ’ ಆಗುತ್ತದೆ ಎಂದು ಎರಡನ್ನೂ ಅಕ್ಕಪಕ್ಕ ಬರೆದಾಗ ಮೊದಲ ಬಾರಿಗೆ ಇಡೀ ತರಗತಿಗೆ ವಿಷಯ ಹೊಳೆಯಿತು. ಇದೇನೂ ಪರದೇಶದ ಚಾಳಿಯಲ್ಲ, ತಾವೂ ದಿನಾ ಮಾಡುವುದೇ.

ಆದರೆ ಈ ಹೋಲಿಕೆಗೆ ಎರಡು ಮಿತಿಗಳಿವೆ, ಅವನ್ನು ಅಲ್ಲೇ ಹೇಳದಿದ್ದರೆ ಮುಂದೆ ತೊಂದರೆ. ನಾವು ನಡುವಿನ ಸ್ವರ ಬಿಟ್ಟರೂ ಕೊನೆಯದನ್ನು ಹೀಗೆ ಬಿಡುವುದಿಲ್ಲ: ‘ಕೆಲ್ಸ’ ಆಗುತ್ತದೆ, ‘ಕೆಲಸ್’ ಆಗುವುದಿಲ್ಲ. ಹಿಂದಿಯಲ್ಲಿ ಮೊದಲು ಹೋಗುವುದೇ ಕೊನೆಯದು. ಎರಡನೆಯದಾಗಿ, ನಮ್ಮಲ್ಲಿ ಪುಸ್ತಕ ಓದುವಾಗ ‘ಹುಡುಗಿ’ ಎಂದು ಪೂರ್ತಿ ಓದುತ್ತೇವೆ. ಹಿಂದಿಯಲ್ಲಿ ಪುಸ್ತಕ ಓದುವಾಗಲೂ ‘ಲಡ್‌ಕಿ’ಯೇ, ಅದು ಆಡುಮಾತಿನ ಸಲಿಗೆಯಲ್ಲ.

ಮುಂದಿನದು ಚಪ್ಪಾಳೆ. ಒಂದು ಸ್ವರಕ್ಕೆ ಒಂದು ಚಪ್ಪಾಳೆ. ಕನ್ನಡದಲ್ಲಿ ಅಕ್ಷರ ಎಷ್ಟೋ ಚಪ್ಪಾಳೆ ಅಷ್ಟೇ: ಕಮಲ ಮೂರು. ಚಟ್ನಿ ಎರಡು, ಯಾಕೆಂದರೆ ‘ಟ್ನಿ’ ಒಂದೇ ಅಕ್ಷರ. ಈಗ ಹಿಂದಿ चटनी. ಅಕ್ಷರ ಮೂರು, ಚಪ್ಪಾಳೆ ಎರಡೇ, ಬಾಯಲ್ಲಿ ಬರುವುದು ಅದೇ ಚಟ್ನಿ. ಕನ್ನಡ ಕೇಳಿದ್ದನ್ನು ಒತ್ತಕ್ಷರ ಮಾಡಿ ಬರೆಯುತ್ತದೆ, ಹಿಂದಿ ಬಿಡಿ ಅಕ್ಷರ ಬರೆದು ಓದುವಾಗ ಕೂಡಿಸುತ್ತದೆ. ಶಾಲೆಯ ಫಲಕದ ಮೇಲಿನ ‘ಸರಕಾರಿ’ಯನ್ನು ಒಬ್ಬಳು ನೆನಪಿಸಿದಳು. ಸರಕಾರ, ಸರ್ಕಾರ ಎಂದು ಕನ್ನಡದಲ್ಲಿ ಎರಡೂ ಬರಹ ಬಳಕೆಯಲ್ಲಿವೆ. ಹಿಂದಿಯಲ್ಲಿ ಬರೆಯುವುದು सरकार, ಓದುವುದು ‘ಸರ್‌ಕಾರ್’. ಎರಡು ಚಪ್ಪಾಳೆ.

ಆಮೇಲೆ ಜೋಡಿ ಪದಗಳು. कमल ಎರಡು ಚಪ್ಪಾಳೆ, ಕ-ಮಲ್. ಅದಕ್ಕೆ ದೀರ್ಘ ಸೇರಿಸಿದರೆ कमला. ಎಷ್ಟು ಎಂದು ಕೇಳಿದರೆ ಎಲ್ಲರೂ ಮೂರು ಎಂದರು. ಮನೆಯಲ್ಲಿ ಉರ್ದು ಆಡುವ ಒಬ್ಬ ಹುಡುಗ ಮಾತ್ರ ಎರಡು ತಟ್ಟಿದ: ಕಮ್-ಲಾ. नमक ನ-ಮಕ್, नमकीन ನಮ್-ಕೀನ್. सड़क ಸ-ಡಕ್, सड़कें ಸಡ್-ಕೇಂ. ಮಾತ್ರೆ ಕೂಡಿಕೊಂಡ ಕೂಡಲೇ ಹಿಂದಿನ ಅಕ್ಷರದ ‘ಅ’ ಹೋಗಿಬಿಡುತ್ತದೆ. ಒಂದೇ म, ಒಂದು ಪದದಲ್ಲಿ ‘ಮ’, ಇನ್ನೊಂದರಲ್ಲಿ ‘ಮ್’. ಇಲ್ಲಿಗೆ ಬಂದ ಮೇಲೆ ಯಾವ ಅಕ್ಷರಕ್ಕೆ ‘ಅ’ ಇದೆ ಎಂಬ ಪ್ರಶ್ನೆಯನ್ನು ಬಿಟ್ಟು, ಆ ಅಕ್ಷರ ಪದದಲ್ಲಿ ಎಲ್ಲಿ ಕೂತಿದೆ ಎಂದು ಕೇಳಬೇಕಾಗುತ್ತದೆ.

ನಿಯಮವನ್ನು ಬೆರಳಿಟ್ಟು ತೋರಿಸಬಹುದು. ಬೆರಳು ಪದದ ಕೊನೆಯಿಂದ, ಬಲದಿಂದ ಎಡಕ್ಕೆ ಸರಿಯಬೇಕು. ಕೊನೆಯ ಅಕ್ಷರಕ್ಕೆ ಮಾತ್ರೆ ಇಲ್ಲದಿದ್ದರೆ ಅದರ ‘ಅ’ ಬಿಡು. ಒಂದು ಮನೆ ಎಡಕ್ಕೆ ಬಾ. ಅಲ್ಲೂ ಮಾತ್ರೆ ಇಲ್ಲವೇ? ಅದರ ಬಲಗಡೆಯ ಅಕ್ಷರಕ್ಕೆ ಸ್ವರ ಉಳಿದಿದ್ದು, ಎಡಗಡೆಯೂ ಸ್ವರವುಳ್ಳ ಅಕ್ಷರ ಇದ್ದರೆ ಈ ‘ಅ’ವನ್ನೂ ಬಿಡು. ಬಲಗಡೆಯದು ಈಗಾಗಲೇ ಸ್ವರ ಕಳೆದುಕೊಂಡಿದ್ದರೆ ಬಿಡಬೇಡ, ಇಲ್ಲದಿದ್ದರೆ ನಾಲಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಮೊದಲ ಅಕ್ಷರದ ‘ಅ’ವನ್ನು ಮುಟ್ಟುವಂತಿಲ್ಲ.

बचपन ಮೇಲೆ ಇದನ್ನು ಹಲಗೆಯಲ್ಲೇ ಮಾಡಿದೆವು. ಕೊನೆಯ न ಬರಿದು, ‘ನ್’ ಆಯಿತು. प ಹತ್ತಿರ ಬಂದರೆ ಬಲಗಡೆಯದು ಸ್ವರ ಕಳೆದುಕೊಂಡಿದೆ, ಹಾಗಾಗಿ ‘ಪ’ ಉಳಿಯಿತು. च ಹತ್ತಿರ ಬಂದರೆ ಬಲಗಡೆ ‘ಪ’ಕ್ಕೆ ಸ್ವರ ಇದೆ, ಎಡಗಡೆ ‘ಬ’ಕ್ಕೂ ಇದೆ, ಆದ್ದರಿಂದ ‘ಚ್’. ब ಮೊದಲನೆಯದು. ಸೇರಿಸಿದರೆ ಬಚ್-ಪನ್. ನಾಲ್ಕು ಅಕ್ಷರ, ಎರಡು ಚಪ್ಪಾಳೆ. ಮಗುವೇ ಬೆರಳಿಟ್ಟು ಸರಿಯಾದ ಉಚ್ಚಾರಕ್ಕೆ ಬಂದು ನಿಂತಾಗ, ಗುರುಗಳು ಹೇಳಿದ್ದರಿಂದ ಅದು ಬಚ್‌ಪನ್ ಆಗಿದ್ದಲ್ಲ ಎಂಬುದು ಅದಕ್ಕೆ ತಿಳಿಯುತ್ತದೆ.

ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಲು ಪೆನ್ಸಿಲಿನಿಂದ ಪ್ರತಿ ಚಪ್ಪಾಳೆಗೆ ಒಂದು ಕಮಾನು ಎಳೆಸಿದೆ: बच ಕೆಳಗೆ ಒಂದು, पन ಕೆಳಗೆ ಒಂದು. ಮೌನವಾದ ಅಕ್ಷರದ ಕೆಳಗೆ ಚುಕ್ಕಿ ಇಡಿಸುವ ಪದ್ಧತಿ ಕೆಲವೆಡೆ ಇದೆ. ನನಗೆ ಅದು ಬೇಡ. ड़, ढ़ ಅಕ್ಷರಗಳಿಗೆ ಮೊದಲೇ ಕೆಳಗೊಂದು ಚುಕ್ಕಿ ಇದೆ, सड़क ಪದದಲ್ಲಿ ಯಾವ ಚುಕ್ಕಿ ಯಾವುದು ಎಂದು ಮಗು ತಡಕಾಡಬೇಕಾಗುತ್ತದೆ.

ತಿಳಿದಿದೆಯೇ ಎಂದು ನೋಡಿದ್ದು

ಹೇಳಿಕೊಟ್ಟ ಪದವನ್ನೇ ಕೇಳಿದರೆ ನೆನಪಿನ ಪರೀಕ್ಷೆಯಾಗುತ್ತದೆ. ಹಾಗಾಗಿ ನಾನು ತರಗತಿಯಲ್ಲಿ ಎಂದೂ ಉಚ್ಚರಿಸದ ಪದಗಳನ್ನು ಚೀಟಿಯಲ್ಲಿ ಬರೆದು ಒಬ್ಬೊಬ್ಬರಿಗೆ ಕೊಟ್ಟೆ: बरतन, गरदन, मटका, समझना. ಬರ್-ತನ್, ಗರ್-ದನ್, ಮಟ್-ಕಾ ಇವು ಹೆಚ್ಚಿನವರಿಗೆ ಬಂದವು, ಕೆಲವರಿಗೆ ಬೆರಳಿನ ಸಹಾಯ ಬೇಕಾಯಿತು. समझना ಎಡವಿಸಿತು. ಸರಿಯಾದದ್ದು ಸ-ಮಝ್-ನಾ. ಹಲವರು ‘ಸಮ್-ಝ-ನಾ’ ಎಂದು ಎಡಗಡೆಯಿಂದ ಕತ್ತರಿಸಿದರು. ಬೆರಳು ಎಡದಿಂದ ಹೊರಟಿತ್ತು ಎಂಬುದಕ್ಕೆ ಇದೇ ಸಾಕ್ಷಿ. ನಾಲ್ಕಕ್ಷರದ ಇಂಥ ಒಂದು ಪದ ಚೀಟಿಗಳಲ್ಲಿ ಇರಲೇಬೇಕು. ಮೂರಕ್ಷರದಲ್ಲಿ ಎಡದಿಂದ ಹೊರಟರೂ ಬಲದಿಂದ ಹೊರಟರೂ ಒಮ್ಮೊಮ್ಮೆ ಒಂದೇ ಉತ್ತರ ಬರುತ್ತದೆ, ತಪ್ಪು ಬಯಲಾಗುವುದಿಲ್ಲ.

ಉರ್ದು ಮನೆಮಾತಿನ ಮಕ್ಕಳನ್ನು ‘ನೀವು ಹೇಳಿ’ ಎಂದು ಪದೇಪದೇ ನಿಲ್ಲಿಸುವುದನ್ನು ಬೇಗ ಕೈಬಿಟ್ಟೆ. ಅವರ ಕಿವಿ ತರಗತಿಗೆ ದೊಡ್ಡ ಆಸ್ತಿ, ನಿಜ. ಆದರೆ ಅವರು ಓದುವುದು ಪದ ಗುರುತಿಸಿ, ನಿಯಮದಿಂದಲ್ಲ. ಮನೆಯಲ್ಲಿ ಕೇಳದ ಪದ ಬಂದರೆ ಅವರೂ ಉಳಿದವರಂತೆಯೇ ತಡೆಯುತ್ತಾರೆ. ಜೋಡಿ ಮಾಡಿ ಕೂರಿಸಿ, ಒಬ್ಬ ಓದುವುದು, ಇನ್ನೊಬ್ಬ ಕಣ್ಣು ಮುಚ್ಚಿ ಚಪ್ಪಾಳೆ ಎಣಿಸುವುದು ಎಂದು ಮಾಡಿದ್ದು ಇಬ್ಬರಿಗೂ ಒದಗಿತು. नमकु ಬರೆದಿದ್ದ ಮಕ್ಕಳಿಗೆ ಬೇಕಿದ್ದ ಕೇಳುವ ಅಭ್ಯಾಸ ಸಿಕ್ಕಿದ್ದೂ ಇಲ್ಲೇ. ಕೊನೆಗೆ ಉಕಾರ ಸೇರಿದರೆ ಒಂದು ಚಪ್ಪಾಳೆ ಹೆಚ್ಚಾಗಿ ಜೋಡಿದಾರನೇ ತಡೆಯುತ್ತಿದ್ದ.

ಪಾಠ ಹುಟ್ಟಿಸಿದ ಹೊಸ ತಪ್ಪುಗಳು

ಓದು ಸರಿಯಾಗುತ್ತ ಬಂದಂತೆ ಬರಹದಲ್ಲಿ ಮತ್ತೊಂದು ತಲೆ ಎತ್ತಿತು. ‘ಅರ್ಧ ಕೇಳಿಸಿದರೂ ಪೂರ್ತಿ ಬರೆಯಬೇಕು’ ಎಂದು ಮಕ್ಕಳು ಪಾಠದ ಸಾರ ತೆಗೆದುಕೊಂಡಿದ್ದರು. ಮುಂದಿನ ಉಕ್ತಲೇಖನದಲ್ಲಿ पत्ता ಹೋಗಿ पतता ಆಯಿತು, बस्ता ಹೋಗಿ बसता ಆಯಿತು. ಹಿಂದಿಯಲ್ಲಿ ನಿಜವಾದ ಅರ್ಧಾಕ್ಷರವೂ ಇದೆ, ಮತ್ತು ಯಾವಾಗ ಅರ್ಧ, ಯಾವಾಗ ಪೂರ್ತಿ ಎಂಬುದನ್ನು ಕಿವಿ ಹೇಳಲಾರದು. बस्ता ಎಂದರೆ ಚೀಲ, बसता ಎಂದರೆ ನೆಲೆಸುತ್ತಾನೆ. ಎರಡನ್ನೂ ಆಡುವುದು ‘ಬಸ್ತಾ’ ಎಂದೇ. गन्ना ಮತ್ತು बनना ಪ್ರಾಸ ಹೊಂದುತ್ತವೆ, ಬರಹ ಬೇರೆ.

ಇಲ್ಲಿ ಮಕ್ಕಳ ಕೈಗೆ ಕೊಡಬಹುದಾದ ಹಿಡಿಕೆ ಒಂದಿದೆ. ಕ್ರಿಯಾಪದವಾದರೆ ಧಾತುವನ್ನು ಕತ್ತರಿಸುವಂತಿಲ್ಲ. बस ಧಾತು, ता ಪ್ರತ್ಯಯ, ಆದ್ದರಿಂದ बसता. बन ಧಾತು, ना ಪ್ರತ್ಯಯ, ಆದ್ದರಿಂದ ಎರಡು ಪೂರ್ತಿ न. सुनना ಕೂಡ ಹಾಗೇ. ಚೀಲ ಎಂಬ बस्ता, ಕಬ್ಬು ಎಂಬ गन्ना, ಎಲೆ ಎಂಬ पत्ता ಇವು ಹೆಸರುಗಳು, ಒಡೆಯಲು ಬರುವುದಿಲ್ಲ, ಅವುಗಳ ಬರಹವನ್ನು ಕಣ್ಣಿನಿಂದ ನೆನಪಿಡಬೇಕು. ಈ ಹಿಡಿಕೆ ಎಲ್ಲ ಪದಕ್ಕೂ ನಡೆಯುವುದಿಲ್ಲ, चटनी ಯಾಕೆ ಬಿಡಿ ಎಂದು ಕೇಳಿದರೆ ಅದು ಉತ್ತರ ಕೊಡಲಾರದು. ಆರನೇ ತರಗತಿಯ ಪಾಠಗಳಲ್ಲಿ ಕ್ರಿಯಾಪದಗಳೇ ಮತ್ತೆ ಮತ್ತೆ ಬರುವುದರಿಂದ ಬಹಳಷ್ಟು ತಪ್ಪು ಇದರಿಂದ ಕಡಿಮೆಯಾಗುತ್ತದೆ.

ಅರ್ಧಾಕ್ಷರ ಬರೆಯುವುದರಲ್ಲೂ ಕನ್ನಡದ ಕೈ ಅಡ್ಡ ಬರುತ್ತದೆ. ನಮ್ಮ ಒತ್ತಕ್ಷರದಲ್ಲಿ ಮೊದಲ ವ್ಯಂಜನ ಪೂರ್ತಿ ಆಕಾರದಲ್ಲಿ ಮೇಲೆ ಕೂರುತ್ತದೆ, ಎರಡನೆಯದು ಚಿಕ್ಕದಾಗಿ ಕೆಳಗೆ. ದೇವನಾಗರಿಯಲ್ಲಿ ತಿರುಗುಮುರುಗು: ಮೊದಲನೆಯದು ಅರ್ಧ, ಎರಡನೆಯದು ಪೂರ್ತಿ. ಇನ್ನೂ ಸೂಕ್ಷ್ಮವಾದದ್ದು ಸ್ವರದ ಜಾಗ. ‘ಬಸ್ತಾ’ ಎಂದು ಕನ್ನಡದಲ್ಲಿ ಬರೆದು ನೋಡಿ. ದೀರ್ಘದ ಇಳಿ ಇರುವುದು ಸಕಾರದ ಮೈಗೆ, ಓದುವುದು ಮಾತ್ರ ತಕಾರದ ಜೊತೆ. ಇದನ್ನೇ ಹಿಂದಿಗೆ ತಂದ ಒಬ್ಬ ಹುಡುಗ सा ಬರೆದು ಅದರ ಕೆಳಗೆ ಚಿಕ್ಕದೊಂದು त ಇಟ್ಟಿದ್ದ. ಅವನ ಹಾಳೆಯನ್ನು ತಪ್ಪು ಎಂದು ಪಕ್ಕಕ್ಕಿಡುವ ಮೊದಲು ಎಷ್ಟು ಅಚ್ಚುಕಟ್ಟಾಗಿ ಕನ್ನಡದ ಒತ್ತು ಬರೆದಿದ್ದಾನೆ ಎಂದು ನೋಡಬೇಕು. ಅವನಿಗೆ ಹೇಳಬೇಕಾದ್ದು ಇಷ್ಟು: ಹಿಂದಿಯಲ್ಲಿ ಸ್ವರ ಯಾರ ಜೊತೆ ಕೇಳಿಸುತ್ತದೋ ಮಾತ್ರೆ ಅವರಿಗೇ, ಅವರೇ ಪೂರ್ತಿ ಆಕಾರ. ಸ್ವರ ಇಲ್ಲದವರ ಕಡ್ಡಿ ತೆಗೆಯುತ್ತಾರೆ. त, न, स, ल ಮುಂತಾದ ಬಲಗಡೆ ಕಡ್ಡಿ ಇರುವ ಅಕ್ಷರಗಳಿಗೆ ಇದು ಸಲೀಸು. क, फ ಅಕ್ಷರಗಳಿಗೆ ಕಡ್ಡಿ ನಡುವೆ ಇರುವುದರಿಂದ ಬಾಲ ಮೊಟಕಾಗುತ್ತದೆ. ಕಡ್ಡಿ ಎದ್ದು ಕಾಣದ ट, ड, द ಮುಂತಾದವಕ್ಕೆ ಸದ್ಯಕ್ಕೆ ಹಲಂತ ಸಾಕು.

ಇನ್ನೊಂದು ದೂರು ಪಕ್ಕದ ಕೋಣೆಯಿಂದ ಬಂತು. ಕನ್ನಡ ಹೇಳುವ ಟೀಚರ್ ಊಟದ ಬಿಡುವಿನಲ್ಲಿ ನಗುತ್ತಲೇ ಅಂದರು: “ಸರ್, ನೀವು ಅಲ್ಲಿ ಕಮಲ್ ಕಲಿಸ್ರಿ. ಇಲ್ಲಿ ನನ್ನ ಕ್ಲಾಸಿನ್ಯಾಗ ಹುಡುಗೂರು ಕಮಲದ ಬಾಲ ಕೊಯ್ದು ಓದಾಕ ಹತ್ತ್ಯಾರ.” ಬರೆದಂತೆ ಓದು ಎಂದು ಐದು ವರ್ಷ ಕಟ್ಟಿದ್ದು ಸಡಿಲವಾದೀತೆಂಬ ಅವರ ಆತಂಕ ಸಹಜವೇ. ಅದಕ್ಕೆ ಮುಂದಿನ ಓದಿನಲ್ಲಿ ಎರಡು ಕಂಬಸಾಲು ಮಾಡಿದೆ: ಎಡಕ್ಕೆ ಕನ್ನಡ ಲಿಪಿಯಲ್ಲಿ ಕಮಲ, ನಗರ, ಭಾರತ, ಫಲ. ಬಲಕ್ಕೆ कमल, नगर, भारत, फल. ಕೋಲು ಎಡಕ್ಕಿಟ್ಟರೆ ಪೂರ್ತಿ ಓದಬೇಕು, ಬಲಕ್ಕಿಟ್ಟರೆ ಕೊನೆ ಬಿಟ್ಟು ಓದಬೇಕು. ಕೋಲು ಅತ್ತಿತ್ತ ಬೇಗಬೇಗ ಓಡಿದರೆ ಮಕ್ಕಳಿಗೂ ಖುಷಿ. ಲಿಪಿ ನೋಡಿದ ಕೂಡಲೇ ನಿಯಮ ಬದಲಾಗುವುದು ಇದರಿಂದ ಅಭ್ಯಾಸವಾಗುತ್ತದೆ. ಟೀಚರ್ ಆಮೇಲೆ ದೂರಲಿಲ್ಲ.

ನಿಯಮ ನಿಲ್ಲುವ ಜಾಗಗಳು

मित्र, सत्य, राष्ट्र ಇಂಥ ಪದಗಳ ಕೊನೆಯಲ್ಲಿ ಸಂಯುಕ್ತಾಕ್ಷರ ಇರುವುದರಿಂದ ಹಿಂದಿಯವರೂ ಒಂದು ತೆಳುವಾದ ‘ಅ’ ಉಳಿಸುತ್ತಾರೆ. ನಮ್ಮ ಮಕ್ಕಳು ಹೊಸ ಹುರುಪಿನಲ್ಲಿ ‘ಮಿತ್ರ್’ ಎಂದು ಹಲ್ಲು ಕಚ್ಚುತ್ತಿದ್ದರು. ಅಲ್ಲಿ ಕನ್ನಡದ ಹಾಗೇ ಓದಿದರೂ ನಡೆಯುತ್ತದೆ ಎಂದಾಗ ಉಸಿರು ಬಿಟ್ಟರು. न ಎಂಬ ಒಂಟಿ ಅಕ್ಷರದ ಪದಕ್ಕೂ ‘ಅ’ ಇರುತ್ತದೆ.

ಕಷ್ಟವಾದದ್ದು असफल. ಬೆರಳಿನ ನಿಯಮದಂತೆ ಅದು ‘ಅಸ್-ಫಲ್’ ಆಗಬೇಕು. ನಿಜವಾದ ಉಚ್ಚಾರ ಅ-ಸ-ಫಲ್. सफल ಪದಕ್ಕೆ ಹಿಂದೆ ‘ಅ’ ಸೇರಿದ್ದರಿಂದ, ಒಳಗಿನ ಪದದ ಮೊದಲಕ್ಷರಕ್ಕೆ ರಕ್ಷಣೆ ಸಿಗುತ್ತದೆ. ಇದನ್ನು ತಿಳಿಯಬೇಕಾದರೆ ಪದವನ್ನು ಒಡೆಯಲು ಬರಬೇಕು, ಒಡೆಯಲು ಅರ್ಥ ಗೊತ್ತಿರಬೇಕು. ಈ ಪದದಲ್ಲಿ ಮಾತ್ರ ಕನ್ನಡದ ಮಗುವಿಗೆ ಅನುಕೂಲ ಹೆಚ್ಚು, ಯಾಕೆಂದರೆ ಸಫಲ, ಅಸಫಲ ಎರಡೂ ಅದಕ್ಕೆ ಗೊತ್ತು. ಆರನೇ ತರಗತಿಗೆ ನಾನು ಇಂಥ ಪದಗಳನ್ನು ನಿಯಮದ ಲೆಕ್ಕಕ್ಕೆ ತರುವುದಿಲ್ಲ, ಎದುರಾದಾಗ ಉಚ್ಚರಿಸಿ ತೋರಿಸಿ ಮುಂದೆ ಹೋಗುತ್ತೇನೆ.

ड़ ಧ್ವನಿಯ ಬಗ್ಗೆಯೂ ಹಟ ಹಿಡಿಯಲಿಲ್ಲ. ನಾಲಿಗೆಯ ತುದಿ ಮೇಲಕ್ಕೆ ಮಡಚಿ ಒಮ್ಮೆ ಬಡಿದು ಇಳಿಯುವ ಸದ್ದು ಅದು. ನಾವು ‘ಹಾಡು’, ‘ಗಾಡಿ’ ಎನ್ನುವಾಗಿನ ಡಕಾರ ಅದರ ಹತ್ತಿರಕ್ಕೇ ಬರುತ್ತದೆ. ಚುಕ್ಕಿ ಬರೆಯಲು ಮರೆಯದಿದ್ದರೆ ಈ ವರ್ಷಕ್ಕೆ ಸಾಕು.

ಪೆನ್ಸಿಲಿನ ಕಮಾನುಗಳನ್ನು ಪಾಠ ಪಾಠಕ್ಕೂ ಕಡಿಮೆ ಮಾಡುತ್ತ ಬಂದೆ. ಮೊದಲು ಎರಡಕ್ಷರದ ಪದಗಳಿಗೆ ನಿಂತವು, ಆಮೇಲೆ ಮಾತ್ರೆ ಇಲ್ಲದ ಮೂರಕ್ಷರದವಕ್ಕೆ, ಆಮೇಲೆ लड़का, चटनी ಬಗೆಯವಕ್ಕೆ. समझना, निकलना ಬಗೆಯ ನಾಲ್ಕಕ್ಷರದ ಕ್ರಿಯಾಪದಗಳಿಗೆ ಈಗಲೂ ಹೆಚ್ಚಿನ ಮಕ್ಕಳು ಕಮಾನು ಎಳೆದುಕೊಂಡೇ ಓದುತ್ತಾರೆ. ಬದಿಗಿಟ್ಟಿದ್ದ घर ಮತ್ತು गर ಹಾಳೆಗಳನ್ನು ಮಹಾಪ್ರಾಣದ ಪಾಠಕ್ಕೆ ಬೇರೆ ಕಟ್ಟಿನಲ್ಲಿ ಇಟ್ಟಿದ್ದೇನೆ. ಅಲ್ಲಿ ಉರ್ದು ಮನೆಮಾತಿನ ಮಕ್ಕಳ ಹಾಳೆಗಳೂ ಇವೆ, ಯಾಕೆ ಅವರಲ್ಲೂ ಇಬ್ಬರು भारत ಪದದ ಭಕಾರವನ್ನು ಬಿಟ್ಟಿದ್ದಾರೆ ಎಂಬುದನ್ನು ಮೊದಲು ನೋಡಬೇಕು.